ತಿಂಗಳ ಲೆಕ್ಕ ಸರಿ ಇತ್ತು, ಹದಿನೈದನೇ ತಾರೀಕು ಸರಿ ಇರಲಿಲ್ಲ

ಕಳೆದ ವರ್ಷ ಮೇ 31ರ ಸಂಜೆ. ಬೆಂಗಳೂರಿನ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿರುವ ಚಿಕ್ಕ ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿ ಕೂತಿದ್ದೆ. ಹೊರಗೆ ಮೂರು ಸಿಎನ್‌ಸಿ ಲೇತು, ಒಂದು ವಿಎಂಸಿ, ಒಂದು ಹಳೆಯ ಡ್ರಿಲ್ಲಿಂಗ್ ಮಷಿನ್ನು. ಕೂಲೆಂಟಿನ ವಾಸನೆ ಕೋಣೆಯೊಳಗೂ ಬರುತ್ತದೆ. ಇಂಥ ಐದಾರು ಶಾಪುಗಳ ಲೆಕ್ಕ ಬರೆಯುವುದು ನನ್ನ ಕಸುಬು. ಯಜಮಾನರು ಟ್ಯಾಲಿಯಿಂದ ತೆಗೆದ ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿ ಖುಷಿಯಲ್ಲಿ ಹೇಳಿದರು: “ನೋಡಿ ಸಾರ್, ಮೂವತ್ತು ದಿನ ದಾಟಿದ ಬಾಕಿನೇ ಹತ್ತು ಲಕ್ಷ ಇದೆ. ಜೂನ್‌ನಲ್ಲಿ ಹೋಗೋದು ಏಳೂವರೆ. ಎರಡೂವರೆ ಉಳಿಯುತ್ತಲ್ಲ, ಆ ಹೈಡ್ರಾಲಿಕ್ ಚಕ್ ತಗೊಂಡುಬಿಡ್ಲಾ?”

ಆ ಹಾಳೆ ಬಾಕಿಯ ವಯಸ್ಸಿನ ಪಟ್ಟಿ. ಯಾವ ಗಿರಾಕಿಯಿಂದ ಎಷ್ಟು ಬರಬೇಕು, ಬಿಲ್ ಮಾಡಿ ಎಷ್ಟು ದಿನವಾಯಿತು ಎಂದು ಮೂವತ್ತು ಮೂವತ್ತು ದಿನದ ಗೂಡುಗಳಲ್ಲಿ ಹಾಕಿ ತೋರಿಸುತ್ತದೆ. ಅವತ್ತು ಅದರಲ್ಲಿದ್ದದ್ದು ಹೀಗೆ: ಮೂವತ್ತು ದಿನದೊಳಗಿನದು 6.80 ಲಕ್ಷ, ಮೂವತ್ತೊಂದರಿಂದ ಅರವತ್ತರೊಳಗೆ 6.10 ಲಕ್ಷ, ಅರವತ್ತೊಂದರಿಂದ ತೊಂಬತ್ತರೊಳಗೆ 1.50 ಲಕ್ಷ, ತೊಂಬತ್ತು ದಾಟಿದ್ದು 2.40 ಲಕ್ಷ. ಒಟ್ಟು 16.80 ಲಕ್ಷ. ಮೊದಲು ತೆಗೆದಾಗ 17.25 ಬಂದಿತ್ತು. ಹುಡುಕಿದರೆ, ಒಬ್ಬ ಗಿರಾಕಿ ಏಪ್ರಿಲ್‌ನಲ್ಲೇ ಕೊಟ್ಟಿದ್ದ 45,000 ರೂಪಾಯಿಯನ್ನು ಯಾವ ಬಿಲ್ಲಿಗೆ ಎಂದು ಸೇರಿಸದೆ “ಆನ್ ಅಕೌಂಟ್” ಎಂದು ಬರೆದಿಟ್ಟಿದ್ದರು. ದುಡ್ಡು ಬಂದಿದೆ, ಬಿಲ್ಲು ಮಾತ್ರ ಬಾಕಿಯಾಗಿಯೇ ನಿಂತು ದಿನದಿನಕ್ಕೆ ಮುದುಕಾಗುತ್ತಿದೆ. ಮುಂದಿನ ತಿಂಗಳ ಅಂದಾಜಿಗೆ ಕೂರುವ ಮೊದಲು ಇಂಥವನ್ನು ತೆಗೆಯದಿದ್ದರೆ, ಒಮ್ಮೆ ಬಂದ ದುಡ್ಡನ್ನೇ ಇನ್ನೊಮ್ಮೆ ಬರುತ್ತದೆಂದು ಕಾಯುತ್ತಿರುತ್ತೇವೆ.

ಪಟ್ಟಿ ಸರಿಯಾದ ಮೇಲೂ ಯಜಮಾನರ ಲೆಕ್ಕ ಸರಿಯಿರಲಿಲ್ಲ. ಬಿಲ್ಲಿಗೆ ಎಷ್ಟು ವಯಸ್ಸಾಯಿತು ಎಂಬುದನ್ನು ಪಟ್ಟಿ ಹೇಳುತ್ತದೆ, ದುಡ್ಡು ಯಾವತ್ತು ಬರುತ್ತದೆ ಎಂಬುದನ್ನಲ್ಲ. ಅವರು ಹಳೆಯ ಬಾಕಿ ಮೊದಲು ಬರುತ್ತದೆ ಎಂದುಕೊಂಡಿದ್ದರು. ನಾನು ನೋಡಿದ ಶಾಪುಗಳಲ್ಲಿ ಸಾಮಾನ್ಯವಾಗಿ ಉಲ್ಟಾ. ತೊಂಬತ್ತು ದಾಟಿದ ಬಾಕಿ ಅಷ್ಟು ಹಳೆಯದಾಗಲು ಏನೋ ಒಂದು ಕಾರಣ ಇದ್ದೇ ಇರುತ್ತದೆ, ಆ ಕಾರಣ ತೀರುವ ತನಕ ದುಡ್ಡು ಬರುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಪ್ರತಿ ಗೂಡಿಗೂ ಒಂದು ಪರ್ಸೆಂಟೇಜ್ ಹಾಕುತ್ತಾರೆ. ಮೂವತ್ತೊಂದರಿಂದ ಅರವತ್ತರ ಗೂಡಿನಲ್ಲಿರುವುದರಲ್ಲಿ ಮುಂದಿನ ತಿಂಗಳು ಇಷ್ಟು ಪಾಲು ಬರುತ್ತದೆ ಅಂತ. ನೂರಾರು ಗಿರಾಕಿಗಳಿದ್ದಾಗ ಒಬ್ಬರ ತಡ ಇನ್ನೊಬ್ಬರ ಬೇಗದಲ್ಲಿ ಮುಚ್ಚಿಹೋಗುತ್ತದೆ, ಅಂಥಲ್ಲಿ ಅದು ನಡೆಯುತ್ತದೆ. ಈ ಶಾಪಿಗೆ ಇರುವುದು ಮೂರು ದೊಡ್ಡ ಗಿರಾಕಿ, ಜೊತೆಗೆ ನಾಲ್ಕೈದು ಚಿಲ್ಲರೆ ಫ್ಯಾಬ್ರಿಕೇಷನ್‌ನವರು. ಇಲ್ಲಿ ಶೇಕಡಾ 60 ಬರುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. ಒಂದು ಬಿಲ್ಲು ಬರುತ್ತದೆ, ಇಲ್ಲ ಬರುವುದಿಲ್ಲ. ಆದ್ದರಿಂದ ಗೂಡುಗಳನ್ನು ಬದಿಗಿಟ್ಟು ಬಿಲ್ ಬಿಲ್ಲಿಗೂ ತಾರೀಕು ಹಾಕುತ್ತಾ ಹೋದೆವು. ಮೂವತ್ತೊಂದು ಸಾಲಿನ ಒಂದು ಉದ್ದ ನೋಟ್‌ಬುಕ್ ಸಾಕಾಯಿತು.

ಮೊದಲ ಗಿರಾಕಿ ಪಂಪು ತಯಾರಿಸುವ ಕಂಪನಿ, ಬಾಕಿ 8.40 ಲಕ್ಷ. ಆರ್ಡರಿನಲ್ಲಿ 45 ದಿನ ಎಂದಿದೆ, ಆದರೆ ದುಡ್ಡು ಬರುವುದು 55ರಿಂದ 70 ದಿನಕ್ಕೆ. ಯಜಮಾನರಿಗೆ ಇದು ಬರೀ ಸತಾಯಿಸುವಿಕೆ ಎನಿಸಿತ್ತು. ಹಳೆಯ ಬಿಲ್ಲುಗಳನ್ನು ಬ್ಯಾಂಕ್ ಪಾಸ್‌ಬುಕ್ ಪಕ್ಕ ಇಟ್ಟು ನೋಡಿದಾಗ ಅದರ ಹಿಂದೆ ಒಂದು ಕ್ರಮ ಕಂಡಿತು. ಅವರು ದಿನ ಎಣಿಸುವುದು ನಮ್ಮ ಬಿಲ್ಲಿನ ತಾರೀಕಿನಿಂದಲ್ಲ, ಅವರ ಸ್ಟೋರ್ಸ್‌ನಲ್ಲಿ ಮಾಲು ಪಾಸಾಗಿ ಜಿಆರ್‌ಎನ್ ಆದ ದಿನದಿಂದ. ಅದಕ್ಕೆ ಸುಮಾರು ಆರು ದಿನ ಹಿಡಿಯುತ್ತದೆ. 45 ದಿನ ತುಂಬಿದ ಮೇಲೂ ತಕ್ಷಣ ಕೊಡುವುದಿಲ್ಲ, ಅವರು ಪೇಮೆಂಟ್ ಬಿಡುವುದು ತಿಂಗಳಿಗೆ ಎರಡೇ ದಿನ, 10 ಮತ್ತು 25.

ಈ ಮೂರನ್ನೂ ಸೇರಿಸಿ ನೋಡಿದರೆ ಅಂದಾಜು ಮಾಡುವುದೇ ಬೇಡ, ತಾರೀಕು ತಾನೇ ಬರುತ್ತದೆ. ಏಪ್ರಿಲ್ 6ರ 1.80 ಲಕ್ಷದ ಬಿಲ್ಲಿಗೆ 12ಕ್ಕೆ ಜಿಆರ್‌ಎನ್, 45 ದಿನ ಸೇರಿದರೆ ಮೇ 27, ಮುಂದಿನ ಪೇಮೆಂಟ್ ದಿನ ಜೂನ್ 10. ಏಪ್ರಿಲ್ 22ರ 2.60 ಲಕ್ಷದ ಬಿಲ್ಲಿಗೆ 28ಕ್ಕೆ ಜಿಆರ್‌ಎನ್, 45 ದಿನಕ್ಕೆ ಜೂನ್ 12. ಹತ್ತನೇ ತಾರೀಕು ಎರಡು ದಿನದಲ್ಲಿ ತಪ್ಪಿತು, ಆದ್ದರಿಂದ ಜೂನ್ 25. ಎರಡು ದಿನ ತಡವಾದ ಒಂದು ಜಿಆರ್‌ಎನ್‌ಗೆ ಎರಡೂ ಅರವತ್ತು ಹದಿನೈದು ದಿನ ಹಿಂದೆ ಹೋಯಿತು. ಮೇ ತಿಂಗಳ ಎರಡು ಬಿಲ್ಲುಗಳು, 2.10 ಮತ್ತು 1.90, ಜುಲೈಗೆ ಹೋದವು. ಜೂನ್‌ಗೆ ಅವುಗಳ ಮುಖ ನೋಡುವಂತಿಲ್ಲ.

ಎರಡನೆಯವರು ವಾಲ್ವ್ ಮಾಡುವವರು, ಬಾಕಿ 4.40 ಲಕ್ಷ. ಇವರಲ್ಲಿ ಪೇಮೆಂಟ್ ದಿನ ಎಂಬುದೇ ಇಲ್ಲ. ಮಾತು 30 ದಿನದ್ದು. ಹಿಂದಿನ ಆರು ಬಿಲ್ಲುಗಳಿಗೆ ಅವರು ತೆಗೆದುಕೊಂಡದ್ದು 68, 75, 90, 81, 72 ಮತ್ತು 94 ದಿನ. ಸರಾಸರಿ 80. ಇಲ್ಲಿ ಸರಾಸರಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಆರರಲ್ಲಿ ಮೂರು ಸಲ ಅವರು 80 ದಿನ ದಾಟಿದ್ದಾರೆ, ಅಂದರೆ 80ಕ್ಕೆ ಬರುತ್ತದೆ ಎಂದು ನಂಬಿ ಚೆಕ್ ಬರೆದರೆ ಅರ್ಧಕ್ಕರ್ಧ ಸಲ ಮುಖಭಂಗ. ಬರುವ ದುಡ್ಡಿಗೆ ತಾರೀಕು ಹಾಕುವಾಗ ತಡವಾದ ಕಡೆಗೆ ವಾಲಬೇಕು. ನಾವು 90 ಹಾಕಿದೆವು. ಮಾರ್ಚ್ 18ರ 1.50 ಲಕ್ಷದ ಬಿಲ್ಲು ಜೂನ್ 16ಕ್ಕೆ ಕೂತಿತು. ಉಳಿದೆರಡು ಬಿಲ್ಲು ಜೂನ್‌ನಲ್ಲಿ ಇಲ್ಲ.

ಚಿಲ್ಲರೆ ಗಿರಾಕಿಗಳದ್ದು ಒಟ್ಟು 1.60 ಲಕ್ಷ. ಅವರು ಮುಂದಿನ ಮಾಲು ಬೇಕಾದಾಗ ಹಿಂದಿನದನ್ನು ಕೊಟ್ಟು ಹೋಗುವವರು, ಅರ್ಧ 4ಕ್ಕೆ, ಅರ್ಧ 20ಕ್ಕೆ ಎಂದು ಬರೆದೆವು.

ಇನ್ನು 2.40 ಲಕ್ಷದ ಹಳೆಯ ಬಾಕಿ. 140 ದಿನ ದಾಟಿದೆ. ಬುಷ್‌ಗಳ ಒಳವ್ಯಾಸ ಹೆಚ್ಚಾಗಿದೆ ಎಂದು ಅವರು ಅರ್ಧ ಲಾಟ್ ರಿಜೆಕ್ಟ್ ಮಾಡಿದ್ದಾರೆ, ಇವರು ನಿಮ್ಮ ಗೇಜೇ ಸರಿಯಿಲ್ಲ ಎನ್ನುತ್ತಾರೆ. ಅದಕ್ಕೆ ನಾನು ಸೊನ್ನೆ ಹಾಕಿದೆ. ಯಜಮಾನರಿಗೆ ಬೇಸರವಾಯಿತು. “ಸೊನ್ನೆ ಅಂದ್ರೆ ಹೆಂಗೆ ಸಾರ್, ಬಿಟ್ಟುಬಿಡೋಕಾಗುತ್ತಾ?” ಬಿಡುವುದು ಬೇಡ, ವಸೂಲಿ ಮಾಡೋಣ, ಆದರೆ ಅದನ್ನು ನಂಬಿ ಸಂಬಳದ ದಿನ ಗೊತ್ತುಮಾಡುವುದು ಬೇಡ ಎಂದೆ. ಬಂದರೆ ಬಂದ ದಿನ ಬರೆದುಕೊಳ್ಳೋಣ.

ಹೀಗೆ ಹತ್ತು ಲಕ್ಷ ಎಂದುಕೊಂಡಿದ್ದದ್ದು ಏಳೂವರೆಗೆ ಇಳಿಯಿತು. 4ಕ್ಕೆ 80,000, 10ಕ್ಕೆ 1.80, 16ಕ್ಕೆ 1.50, 20ಕ್ಕೆ 80,000, 25ಕ್ಕೆ 2.60.

ಹೋಗುವ ದುಡ್ಡಿನ ಕಡೆ ಊಹೆಗೆ ಜಾಗ ಕಡಿಮೆ. ಅಲ್ಲಿ ತಾರೀಕುಗಳು ಮೊದಲೇ ಗೊತ್ತಿರುತ್ತವೆ. ಗೊತ್ತಿಲ್ಲದಿರುವುದು ಯಾವ ತಾರೀಕು ಎಷ್ಟು ಜಗ್ಗುತ್ತದೆ ಎಂಬುದು. 5ಕ್ಕೆ ಬಾಡಿಗೆ 60,000 ಮತ್ತು ವಿಎಂಸಿ ಸಾಲದ ಕಂತು 72,000. ಕಂತು ಖಾತೆಯಿಂದ ತಾನೇ ಕತ್ತರಿಸಿಕೊಳ್ಳುತ್ತದೆ, ದುಡ್ಡಿಲ್ಲದಿದ್ದರೆ ದಂಡವೂ ಬೀಳುತ್ತದೆ, ಸಿಬಿಲ್ ಅಂಕವೂ ಇಳಿಯುತ್ತದೆ. 7ಕ್ಕೆ ಸಂಬಳ 2 ಲಕ್ಷ. ಏಳನೇ ತಾರೀಕು ದಾಟಬಾರದು ಎಂಬುದು ಸಂಬಳದ ಕಾಯ್ದೆಯ ಮಾತು. ಕಾಯ್ದೆ ಇಲ್ಲದಿದ್ದರೂ ಅಷ್ಟೇ, ಎಂಟಕ್ಕೆ ಆಪರೇಟರ್ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತಾನೆ. 15ಕ್ಕೆ ಪಿಎಫ್ ಮತ್ತು ಇಎಸ್‌ಐ 22,000, ಅದೇ ದಿನ ಕರೆಂಟ್ ಬಿಲ್ಲು 38,000. 20ಕ್ಕೆ ಜಿಎಸ್‌ಟಿ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಮೇ ತಿಂಗಳಲ್ಲಿ ಮಾಡಿದ 6.80 ಲಕ್ಷದ ಬಿಲ್ಲಿನಲ್ಲಿ ಶೇಕಡಾ 18ರಂತೆ ತೆರಿಗೆ ಸುಮಾರು 1.04 ಲಕ್ಷ. ಸ್ಟೀಲು, ಟೂಲಿನ ಮೇಲೆ ಕಟ್ಟಿದ 42,000 ಕಳೆದರೆ 62,000 ಕಟ್ಟಬೇಕು. ಆ ಬಿಲ್ಲುಗಳಲ್ಲಿ ದೊಡ್ಡವು ಬರುವುದು ಜುಲೈ, ಆಗಸ್ಟ್‌ಗೆ. ತೆರಿಗೆ ಮಾತ್ರ ಜೂನ್ 20ಕ್ಕೆ ಹೋಗುತ್ತದೆ. ಆರ್ಡರು ಚೆನ್ನಾಗಿ ಬಂದ ತಿಂಗಳ ಮುಂದಿನ ತಿಂಗಳೇ ಕೈ ಬಿಗಿಯಾಗುವುದಕ್ಕೆ ಇದೊಂದು ಕಾರಣ. ಆ ರಿಜೆಕ್ಟ್ ಆದ ಬುಷ್‌ಗಳ ಮೇಲೂ ತೆರಿಗೆ ಆಗಲೇ ಕಟ್ಟಿಯಾಗಿದೆ. ವಾಪಸ್ ಬಂದ ಮಾಲಿಗೆ ಮುಂದಿನ ನವೆಂಬರ್ 30ರೊಳಗೆ ಕ್ರೆಡಿಟ್ ನೋಟ್ ಮಾಡಿದರೆ ಆ ಭಾಗದ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ಬರೀ ದುಡ್ಡು ಬರಲಿಲ್ಲ ಎಂಬ ಕಾರಣಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ.

ಸರಕು ಕೊಟ್ಟವರ ಕಡೆ ಮೂರು ತರಹದವರಿದ್ದರು. ಸ್ಟೀಲ್‌ನವರಿಗೆ ಮೇ 12ರ ಬಿಲ್ಲು, 30 ದಿನ, ಜೂನ್ 11ರ ತಾರೀಕು ಹಾಕಿದ ಚೆಕ್ ಆಗಲೇ ಅವರ ಕೈಯಲ್ಲಿದೆ, 1.45 ಲಕ್ಷ. ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರಿಗೆ 14ಕ್ಕೆ 28,000. ಅವರು ಇವರಿಗಿಂತ ಚಿಕ್ಕವರು, ಗ್ಯಾಸಿಗೆ ದುಡ್ಡಿಲ್ಲದಿದ್ದರೆ ಅವರ ಫರ್ನೇಸ್ ನಿಲ್ಲುತ್ತದೆ, ಅದು ನಿಂತರೆ ಇವರ ಮಾಲು ಅಲ್ಲೇ ಉಳಿಯುತ್ತದೆ. ಇನ್ಸರ್ಟ್ ಮಾರುವ ಟೂಲ್ ಅಂಗಡಿಯವರಿಗೆ 18ಕ್ಕೆ 35,000. ಅವರು ಹತ್ತು ದಿನ ತಡೆಯುತ್ತಾರೆ. ಇದರ ಮೇಲೆ ಕೂಲೆಂಟು, ಟೆಂಪೋ ಬಾಡಿಗೆ, ಟೀ ಎಂದು ವಾರಕ್ಕೆ 10,000.

ಎಲ್ಲ ಬರೆದಾದ ಮೇಲೆ ಕೇಳಿದೆ, “ಮನೆಗೆ ಎಷ್ಟು ತಗೋತೀರ?” ಯಜಮಾನರು ನಕ್ಕರು. ಪ್ರತಿ ತಿಂಗಳು ಒಂದನೇ ತಾರೀಕು 50,000. ಅವರ ಯಾವ ಲೆಕ್ಕದಲ್ಲೂ ಅದು ಇರಲಿಲ್ಲ, ನಾನೇ ಕೇಳಿ ಬರೆಸಬೇಕಾಯಿತು. ಚಿಕ್ಕ ಶಾಪುಗಳ ಅಂದಾಜು ತಪ್ಪಿದಾಗ ನಾನು ಮೊದಲು ಹುಡುಕುವುದು ಇದನ್ನೇ.

ಹೋಗುವುದು ಒಟ್ಟು 7.52 ಲಕ್ಷ, ಬರುವುದು 7.50. ಬ್ಯಾಂಕಿನಲ್ಲಿ 5 ಲಕ್ಷದ ಓಡಿ ಇದೆ, ಅದರಲ್ಲಿ 3.40 ಬಳಸಿಯಾಗಿದೆ, ಕೈಗೆ ಸಿಗುವುದು 1.60. ತಿಂಗಳ ಕೊನೆಗೆ 1.58 ಉಳಿಯುತ್ತದೆ. ಚಕ್ ಇಲ್ಲ, ಆದರೆ ತಿಂಗಳು ದಾಟುತ್ತದೆ ಎಂದು ಯಜಮಾನರು ಎದ್ದು ನಿಂತರು. ನಾನು ಕೂರಿಸಿದೆ. ತಿಂಗಳ ಮೊತ್ತ ನೋಡಿದರೆ ಹೊಳೆ ದಾಟಿದ ಹಾಗೇ ಕಾಣುತ್ತದೆ, ನಡುವೆ ಎಷ್ಟು ಆಳ ಎಂದು ಅದು ಹೇಳುವುದಿಲ್ಲ. ತಾರೀಕಿನ ಪ್ರಕಾರ ಒಂದೊಂದೇ ಸಾಲು ಕೂಡಿ ಕಳೆಯುತ್ತಾ ಹೋದೆವು.

| ಜೂನ್ | ಏನು | ಉಳಿಯುವುದು (ಲಕ್ಷ) |
|---|---|---|
| 1 | ಮನೆಗೆ 0.50 | 1.10 |
| 4 | ಚಿಲ್ಲರೆ ಗಿರಾಕಿಗಳಿಂದ 0.80 | 1.90 |
| 5 | ಬಾಡಿಗೆ, ಕಂತು 1.32 | 0.58 |
| 7 | ಸಂಬಳ 2.00, ವಾರದ ಖರ್ಚು 0.10 | –1.52 |
| 10 | ಪಂಪು ಕಂಪನಿಯಿಂದ 1.80 | 0.28 |
| 11 | ಸ್ಟೀಲ್ ಚೆಕ್ 1.45 | –1.17 |
| 14 | ಹೀಟ್ ಟ್ರೀಟ್‌ಮೆಂಟ್ 0.28, ವಾರದ ಖರ್ಚು 0.10 | –1.55 |
| 15 | ಕರೆಂಟ್, ಪಿಎಫ್, ಇಎಸ್‌ಐ 0.60 | –2.15 |
| 16 | ವಾಲ್ವ್‌ನವರಿಂದ 1.50 | –0.65 |
| 18 | ಟೂಲ್ ಅಂಗಡಿ 0.35, ವಾರದ ಖರ್ಚು 0.10 | –1.10 |
| 20 | ಚಿಲ್ಲರೆ 0.80 ಬಂತು, ಜಿಎಸ್‌ಟಿ 0.62 ಹೋಯಿತು | –0.92 |
| 25 | ಪಂಪು ಕಂಪನಿಯಿಂದ 2.60, ವಾರದ ಖರ್ಚು 0.10 | 1.58 |

ಏಳನೇ ತಾರೀಕು ಸಂಬಳಕ್ಕೇ ಒಂದೂವರೆ ಲಕ್ಷ ಕಡಿಮೆ. ಹದಿನೈದಕ್ಕೆ 2.15 ಲಕ್ಷದ ಗುಂಡಿ. ಓಡಿ ಮಿತಿ ಮುಗಿದ ಮೇಲೆ ಬ್ಯಾಂಕು ಹನ್ನೊಂದನೇ ತಾರೀಕಿನ ಚೆಕ್ಕನ್ನು ವಾಪಸ್ ಕಳಿಸುತ್ತದೆ. ಚೆಕ್ ಬೌನ್ಸ್ ಎಂದರೆ ಬರೀ ಸ್ಟೀಲ್‌ನವರ ಕೋಪವಲ್ಲ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ಕೇಸಿಗೂ ದಾರಿ. ವಾಲ್ವ್‌ನವರು 16ರ ಬದಲು ತಮ್ಮ ಹಳೇ ದಾಖಲೆಯಂತೆ 94 ದಿನ ತೆಗೆದುಕೊಂಡು 20ಕ್ಕೆ ಕೊಟ್ಟರೆ ಏನಾಗುತ್ತದೆ ಎಂದೂ ಒಮ್ಮೆ ಬರೆದು ನೋಡಿದೆವು. 18ಕ್ಕೆ ಗುಂಡಿ 2.60 ಲಕ್ಷವಾಗುತ್ತದೆ.

ಗುಂಡಿ ಕಂಡದ್ದು ಹದಿನೈದು ದಿನ ಮೊದಲು. ಅಷ್ಟು ಸಮಯ ಇದ್ದಾಗ ಕೇಳುವ ಮಾತೇ ಬೇರೆ. ಸ್ಟೀಲ್‌ನವರಿಗೆ ಹತ್ತನೇ ತಾರೀಕು ಸಂಜೆ ಫೋನ್ ಮಾಡಿ ಚೆಕ್ ಹಾಕಬೇಡಿ ಎಂದರೆ ಅದು ಗೋಗರೆಯುವುದು. ಜೂನ್ 1ಕ್ಕೇ ಮಾಡಿದರೆ ಅದು ವ್ಯವಹಾರ. ಯಜಮಾನರು ನನ್ನ ಎದುರಿಗೇ ಮಾಡಿದರು. “ಅಣ್ಣಾ, ಹನ್ನೊಂದರ ಚೆಕ್ಕು ಎರಡು ಮಾಡಿಕೊಡ್ತೀನಿ. ಎಪ್ಪತ್ತು ಹನ್ನೊಂದಕ್ಕೆ, ಎಪ್ಪತ್ತೈದು ಇಪ್ಪತ್ತಾರಕ್ಕೆ. ಬಡ್ಡಿ ಹಾಕ್ಕೊಳಿ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇಪ್ಪತ್ತಾರು ಅಂದ್ರೆ ಇಪ್ಪತ್ತಾರು ಆಗ್ಬೇಕು ನೋಡಪ್ಪ.” ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಲ್ಲಿ 75,000ಕ್ಕೆ ಹದಿನೈದು ದಿನಕ್ಕೆ ಐನೂರ ಅರವತ್ತು ಚಿಲ್ಲರೆ. ಆ ದುಡ್ಡಿಗೆ ಸಿಕ್ಕ ನೆಮ್ಮದಿ ಅಗ್ಗದ್ದು. 26 ಎಂದು ಅವರು ಧೈರ್ಯವಾಗಿ ಹೇಳಲು ಆದದ್ದು 25ಕ್ಕೆ ಪಂಪು ಕಂಪನಿಯ ದುಡ್ಡು ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಕಂಡಿದ್ದರಿಂದ.

ಟೂಲ್ ಅಂಗಡಿಯನ್ನು 26ಕ್ಕೆ ತಳ್ಳಿದೆವು. ಹೀಟ್ ಟ್ರೀಟ್‌ಮೆಂಟ್‌ನವರನ್ನು ಮುಟ್ಟಲಿಲ್ಲ. ಮನೆಯ 50,000 ಕೂಡ 26ಕ್ಕೆ ಹೋಯಿತು. ಅದಕ್ಕೆ ಮನೆಯಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ.

ಉಳಿದದ್ದು ವಾಲ್ವ್‌ನವರು. ಅಲ್ಲಿ ನಿಯಮ ನಮ್ಮ ಪರವಾಗಿಯೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಕೊಡಬೇಕು. ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ ಮುಟ್ಟಿದ ದಿನವೇ ಒಪ್ಪಿದ ದಿನ. ಹಾಗೆ ನೋಡಿದರೆ ಪಂಪು ಕಂಪನಿ ಜಿಆರ್‌ಎನ್‌ನಿಂದ ಎಣಿಸುವುದೂ, 10 ಮತ್ತು 25ರವರೆಗೆ ತಳ್ಳುವುದೂ ನಿಯಮಕ್ಕೆ ಹೊಂದುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರನ್ನೂ ಕೊಡಬಹುದು. ಯಜಮಾನರಿಗೆ ಇದೆಲ್ಲ ಗೊತ್ತು. “ದೂರು ಕೊಟ್ರೆ ದುಡ್ಡು ಬರುತ್ತೆ ಸಾರ್, ಆರ್ಡರ್ ಬರುತ್ತಾ?” ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ದೂರಿನ ದಾರಿಯನ್ನು ಆ ಬುಷ್‌ನವರಂಥ, ಹೇಗಿದ್ದರೂ ಮತ್ತೆ ಆರ್ಡರ್ ಕೊಡದವರಿಗೆ ಇಟ್ಟುಕೊಳ್ಳುವುದೇ ಜಾಣತನ ಎಂದು ನನಗೂ ಅನಿಸುತ್ತದೆ.

ಇನ್ನೊಂದು ನಿಯಮ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ 43ಬಿ(ಎಚ್) ಎಂದು ಸೇರಿಸಿದ ನಿಯಮದ ಪ್ರಕಾರ, ಈ ಗಡುವು ಮೀರಿ ವರ್ಷದ ಕೊನೆಗೂ ಕೊಡದೆ ಉಳಿಸಿಕೊಂಡ ಮೊತ್ತವನ್ನು ಕೊಂಡವರು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಅದರಿಂದಾಗಿ ನಾನು ಲೆಕ್ಕ ಬರೆಯುವ ಶಾಪುಗಳಲ್ಲಿ ಮಾರ್ಚ್ ಕೊನೆಯ ವಾರ ದುಡ್ಡು ಹರಿದು ಬರುತ್ತದೆ, ಏಪ್ರಿಲ್ ಒಣಗುತ್ತದೆ. ಮಾರ್ಚ್‌ನ ದಿನಗಳನ್ನು ಸೇರಿಸಿ ಸರಾಸರಿ ತೆಗೆದರೆ ಜೂನ್‌ನ ಗಿರಾಕಿ ನಿಜಕ್ಕಿಂತ ಒಳ್ಳೆಯವನಾಗಿ ಕಾಣುತ್ತಾನೆ. ಹಿಂದಿನ ಆರು ಬಿಲ್ಲು ನೋಡುವಾಗ ಮಾರ್ಚ್‌ನಲ್ಲಿ ಬಂದದ್ದನ್ನು ಬಿಟ್ಟು ಎಣಿಸುವುದು ಒಳ್ಳೆಯದು.

250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಗೆ 2025ರ ಮಾರ್ಚ್ 31ರೊಳಗೆ ಸೇರಬೇಕೆಂದು ಸರ್ಕಾರ ಹೇಳಿತ್ತು. ಕೊಂಡವರು ಅಲ್ಲಿ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕು ಸ್ವಲ್ಪ ಬಡ್ಡಿ ಹಿಡಿದುಕೊಂಡು ದುಡ್ಡು ಮುಂಚೆಯೇ ಕೊಡುತ್ತದೆ. ಪಂಪು ಕಂಪನಿ ಅಷ್ಟು ದೊಡ್ಡದಲ್ಲ, ಆ ದಾರಿ ನಮಗಿರಲಿಲ್ಲ.

ಹಾಗಾಗಿ ಫೋನೇ ಗತಿ. ವಾಲ್ವ್‌ನವರ ಅಕೌಂಟ್ಸ್ ಮೇಡಂಗೆ ಜೂನ್ 3ಕ್ಕೆ ಮಾಡಿದ್ದು. ಪೇಮೆಂಟ್ ಯಾವಾಗ ಮೇಡಂ ಎಂದು ಯಜಮಾನರು ಈ ಸಲ ಕೇಳಲಿಲ್ಲ. ಮಾರ್ಚ್ 18ರ ಬಿಲ್ಲು, ನಂಬರ್ ಇಷ್ಟು, 6ನೇ ತಾರೀಕು ಒಂದು ಲಕ್ಷವಾದರೂ ಹಾಕಿ, ಏಳಕ್ಕೆ ಹುಡುಗರಿಗೆ ಸಂಬಳ ಕೊಡಬೇಕು ಎಂದರು. ಒಂದು ಬಿಲ್ಲು, ಒಂದು ಮೊತ್ತ, ಒಂದು ತಾರೀಕು. 6ಕ್ಕೆ ಒಂದು ಲಕ್ಷ ಬಂತು. ಉಳಿದ 50,000 ಬಂದದ್ದು 19ಕ್ಕೆ, 93ನೇ ದಿನ.

4ನೇ ತಾರೀಕು ಚಿಲ್ಲರೆಯವರಿಂದ ಬಂದದ್ದು ಅಂದಾಜಿಗಿಂತ 3,000 ಹೆಚ್ಚು, 83,000. ಆ ಮೂರು ಸಾವಿರ ಇಲ್ಲದಿದ್ದರೆ ಏಳಕ್ಕೆ ಸಂಬಳ ಪೂರ್ತಿ ಆಗುತ್ತಿರಲಿಲ್ಲ. ಅವತ್ತು ರಾತ್ರಿ ಓಡಿಯಲ್ಲಿ ಕೈಗೆ ಸಿಗುವುದು ಬರೀ ಒಂದು ಸಾವಿರ ರೂಪಾಯಿ ಉಳಿದಿತ್ತು. ಹದಿನೈದಕ್ಕೆ 13,000. ಹದಿನೆಂಟಕ್ಕೆ 3,000. ಆದರೆ ಮಿತಿ ದಾಟಲಿಲ್ಲ, ಒಂದು ಚೆಕ್ಕೂ ವಾಪಸ್ ಹೋಗಲಿಲ್ಲ. 25ಕ್ಕೆ ಪಂಪು ಕಂಪನಿಯ 2.60 ಬಂತು, 26ಕ್ಕೆ ಸ್ಟೀಲು, ಟೂಲು, ಮನೆ ಮೂರೂ ಆದವು.

ತಿಂಗಳು ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಪಕ್ಕ ನಿಜವಾಗಿ ಆದದ್ದನ್ನು ಕೆಂಪಿನಲ್ಲಿ ಬರೆದೆವು. ಇದಕ್ಕೆ ಅರ್ಧ ಗಂಟೆ ಸಾಕು. ಹೆಚ್ಚಿನವರು ಬಿಡುವುದೂ ಇದನ್ನೇ. ವಾಲ್ವ್‌ನವರು ದೊಡ್ಡ ಬಿಲ್ಲನ್ನು ಎರಡು ಕಂತಿನಲ್ಲಿ ಕೊಡುತ್ತಾರೆ ಎಂಬುದು ಹಾಗೆ ಗೊತ್ತಾಯಿತು. ಜುಲೈಗೆ ಬರೆಯುವಾಗ ಏಪ್ರಿಲ್ 20ರ ಬಿಲ್ಲನ್ನು ಎರಡು ಸಾಲು ಮಾಡಿದೆವು. ಏಳಕ್ಕೆ ಸಂಬಳ, ಹತ್ತಕ್ಕೆ ಪಂಪು ಕಂಪನಿಯ ದುಡ್ಡು, ಈ ಮೂರು ದಿನದ ಬಿರುಕು ಪ್ರತಿ ತಿಂಗಳೂ ಇರುತ್ತದೆ ಎಂಬುದೂ ಕಂಡಿತು. ವಿಎಂಸಿ ಕಂತನ್ನು 5ರಿಂದ 12ಕ್ಕೆ ಬದಲಾಯಿಸಿಕೊಡಿ ಎಂದು ಬ್ಯಾಂಕಿಗೆ ಅರ್ಜಿ ಹೋಯಿತು.

ಆಮೇಲೆ ಯಜಮಾನರೇ ಒಂದು ಲೆಕ್ಕ ಹಾಕಿದರು. ಪಂಪು ಕಂಪನಿಯಲ್ಲಿ ಹತ್ತನೇ ತಾರೀಕಿನ ಪೇಮೆಂಟಿಗೆ ಸೇರಬೇಕೆಂದರೆ ಜಿಆರ್‌ಎನ್ ಹಿಂದಿನ ಹಿಂದಿನ ತಿಂಗಳ 26ರೊಳಗೆ ಆಗಬೇಕು, ಇಪ್ಪತ್ತೈದಕ್ಕೆ ಸೇರಬೇಕೆಂದರೆ ಹಿಂದಿನ ತಿಂಗಳ 10ರೊಳಗೆ. ಆ ಆರು ದಿನ ಯಾಕೆ ಹಿಡಿಯುತ್ತದೆ ಎಂದು ಅವರ ಸ್ಟೋರ್ಸ್‌ಗೆ ಹೋಗಿ ವಿಚಾರಿಸಿದರು. ಮಾಲಿನ ಜೊತೆ ಇನ್‌ಸ್ಪೆಕ್ಷನ್ ರಿಪೋರ್ಟು ಬರುತ್ತಿರಲಿಲ್ಲವಂತೆ, ಆಮೇಲೆ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವವರೆಗೆ ಪೆಟ್ಟಿಗೆಗಳು ಅಲ್ಲೇ ಒಂದು ಮೂಲೆಯಲ್ಲಿ ಕೂತಿರುತ್ತಿದ್ದವಂತೆ. ಈಗ ರಿಪೋರ್ಟನ್ನು ಚಲನ್ ಜೊತೆಯೇ ಪಿನ್ ಮಾಡಿ ಕಳಿಸುತ್ತಾರೆ, ಎರಡು ದಿನಕ್ಕೆ ಜಿಆರ್‌ಎನ್ ಆಗುತ್ತದೆ.

ಮುಂದಿನ ಸಲ ಹೋದಾಗ ಪ್ಯಾಕಿಂಗ್ ಟೇಬಲ್ ಮೇಲಿನ ಕಪ್ಪು ಬೋರ್ಡಿನಲ್ಲಿ ಚಾಕ್‌ಪೀಸಿನಿಂದ ದಪ್ಪಗೆ ಎರಡು ಅಂಕಿ ಬರೆದಿತ್ತು: 8, 24. ಹೊಸದಾಗಿ ಸೇರಿದ ಹುಡುಗನನ್ನು ಇದೇನಪ್ಪ ಎಂದು ಕೇಳಿದೆ. ಪೆಟ್ಟಿಗೆಗೆ ಟೇಪ್ ಸುತ್ತುತ್ತಲೇ ಹೇಳಿದ, “ಟೆಂಪೋ ಹೋಗ್ಲೇಬೇಕಾದ ತಾರೀಕು ಸಾರ್.”